ಬಿಲ್ಲಿನಲ್ಲಿ ಪಿಒ ನಂಬರ್ ಇಲ್ಲವೇ? ಹಣ ಅಲ್ಲೇ ನಿಂತಿತು

ಮಾಲು ಸರಿಯಾಗಿ ತಲುಪಿದೆ, ಯಾರೂ ತಕರಾರು ಮಾಡಿಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ಲೆಕ್ಕವೂ ಸರಿ ಇದೆ. ಆದರೂ ದೊಡ್ಡ ಕಂಪನಿಯಿಂದ ಒಂದು ಸಾಲಿನ ಮೇಲ್ ಬರುತ್ತದೆ: ಪಿಒ ನಂಬರ್ ಇಲ್ಲ, ಬಿಲ್ ತಿರಸ್ಕರಿಸಲಾಗಿದೆ. ಊರಲ್ಲಿ ಸಣ್ಣ ಉದ್ದಿಮೆ ನಡೆಸುವವರಿಗೆ ಇದು ಹಣ ಕೊಡದಿರಲು ಹುಡುಕಿದ ನೆಪ ಅನ್ನಿಸುತ್ತದೆ. ನಿಜಕ್ಕೂ ನೆಪವೇ? ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ ಮರದ ಪ್ಯಾಲೆಟ್ ಮಾಡುವ ಒಂದು ಸಣ್ಣ ಘಟಕ ಇದೆ ಅಂದುಕೊಳ್ಳಿ. ಧಾರವಾಡದ ಕಡೆಯ ದೊಡ್ಡ ಕಾರ್ಖಾನೆಯೊಂದಕ್ಕೆ ಅದು ಸಪ್ಲೈ ಮಾಡುತ್ತದೆ. ಕಾರ್ಖಾನೆ ಈ ಸಲ 200 ಪ್ಯಾಲೆಟ್‌ಗೆ, ಒಂದಕ್ಕೆ 850 ರೂಪಾಯಿಯಂತೆ, ಪರ್ಚೇಸ್ ಆರ್ಡರ್ ಕೊಟ್ಟಿದೆ. ಕಳೆದ ವರ್ಷದ 820 ರೂಪಾಯಿ ದರದ ಇನ್ನೊಂದು ಆರ್ಡರ್‌ನಲ್ಲಿ ಇನ್ನೂ 150 ಪ್ಯಾಲೆಟ್ ಕೊಡುವುದು ಬಾಕಿ ಇದೆ. ಜೂನ್ 3ರಂದು 120 ಪ್ಯಾಲೆಟ್ ಹೋದವು. 850ರ ಲೆಕ್ಕದಲ್ಲಿ, ತೆರಿಗೆ ಬಿಟ್ಟು, 1,02,000 ರೂಪಾಯಿಯ ಬಿಲ್ಲನ್ನು ಜೂನ್ 5ರಂದು ಮೇಲ್ ಮಾಡಿದರು. ಪಿಒ ನಂಬರ್ ಬರೆಯಲಿಲ್ಲ.

ಈಗ ಬಿಲ್ ತಲುಪುವ ಕಡೆ ಹೋಗೋಣ. ದೊಡ್ಡ ಕಂಪನಿಗಳಲ್ಲಿ ಬಿಲ್ ಪಾಸ್ ಮಾಡುವವರು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಕೂತಿರುವುದಿಲ್ಲ. ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಇರುವ ಪೇಯಬಲ್ಸ್ ಟೀಮ್ ಹಲವು ಕಾರ್ಖಾನೆಗಳ ಬಿಲ್ಲುಗಳನ್ನು ಒಟ್ಟಿಗೆ ನೋಡುತ್ತದೆ. (ನಿಮ್ಮಲ್ಲೇ ಕೆಲವರು ಆ ಕೆಲಸದಲ್ಲಿರಬಹುದು!) ಅವರು ಪ್ಯಾಲೆಟ್ ನೋಡಿಲ್ಲ, ಆರ್ಡರ್ ಕೊಟ್ಟ ಎಂಜಿನಿಯರ್ ಯಾರೆಂದೂ ಗೊತ್ತಿಲ್ಲ. ಅವರ ಮುಂದೆ ಇರುವುದು ಮೂರು ಕಾಗದ ಮಾತ್ರ. ಏನು ಕೊಳ್ಳಬೇಕು, ಯಾವ ದರಕ್ಕೆ ಅಂತ ಹೇಳುವ ಪಿಒ. ನಿಜವಾಗಿ ಎಷ್ಟು ಬಂತು ಅಂತ ಸ್ಟೋರ್ ದಾಖಲಿಸಿದ ಜಿಆರ್‌ಎನ್. ಮತ್ತು ನಿಮ್ಮ ಬಿಲ್. ಈ ಮೂರೂ ತಾಳೆಯಾದರೆ ಹಣ. ಮೂರನ್ನೂ ಕಟ್ಟುವ ದಾರವೇ ಪಿಒ ನಂಬರ್.

'ನಮ್ಮ ಹೆಸರು, ಜಿಎಸ್‌ಟಿ ನಂಬರ್ ಹಾಕಿ ಹುಡುಕಿದರೆ ಸಿಗೋದಿಲ್ವಾ?' ಅಂತ ಕೇಳಬಹುದು. ಸಿಗುತ್ತದೆ, ಆದರೆ ಎರಡು ಆರ್ಡರ್ ಸಿಗುತ್ತವೆ. ಎರಡರಲ್ಲೂ 120 ಪ್ಯಾಲೆಟ್‌ಗೆ ಜಾಗ ಇದೆ. ಹಳೆಯದಕ್ಕೆ ಹೊಂದಿಸಿದರೆ ಬಿಲ್ 3,600 ರೂಪಾಯಿ ಜಾಸ್ತಿ ಅಂತ ಕಾಣುತ್ತದೆ. ಸ್ಟೋರ್‌ನವರು ಜಿಆರ್‌ಎನ್ ಮಾಡಿದ್ದು ಹೊಸದರ ಮೇಲಾದರೆ, ಹಳೆಯ ಆರ್ಡರ್‌ನಲ್ಲಿ ಮಾಲೇ ಬಂದಿಲ್ಲ ಅಂತಲೂ ತೋರಿಸುತ್ತದೆ. ಊಹೆ ಮಾಡಿ ಆರಿಸುವ ಅಧಿಕಾರವನ್ನು ಕಂಪನಿ ಬೇಕೆಂದೇ ಅವರಿಗೆ ಕೊಟ್ಟಿರುವುದಿಲ್ಲ. ಕೊಳ್ಳಲು ಒಪ್ಪಿಗೆ ಕೊಡುವವರು ಒಬ್ಬರು, ಹಣ ಬಿಡುವವರು ಇನ್ನೊಬ್ಬರು ಇರಬೇಕು ಅನ್ನುವುದು ಅಲ್ಲಿನ ಮೂಲ ನಿಯಮ.

ಈ ಬಿಗಿಗೆ ಕಾರಣವೂ ಇದೆ. ಲಿಥುವೇನಿಯಾದ ಎವಾಲ್ಡಾಸ್ ರಿಮಸೌಸ್ಕಸ್ ಎಂಬಾತ 2013ರಿಂದ 2015ರ ನಡುವೆ ತೈವಾನಿನ ಒಂದು ನಿಜವಾದ ಸಪ್ಲೈಯರ್ ಕಂಪನಿಯ ಸೋಗು ಹಾಕಿ, ಗೂಗಲ್ ಮತ್ತು ಫೇಸ್‌ಬುಕ್‌ಗೆ ಸುಳ್ಳು ಬಿಲ್ ಕಳಿಸಿ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ತರಿಸಿಕೊಂಡಿದ್ದ. 2019ರಲ್ಲಿ ಅವನಿಗೆ ಐದು ವರ್ಷ ಜೈಲಾಯಿತು. ಪಿಒ ನಂಬರ್ ಒಂದೇ ಎಲ್ಲ ಮೋಸವನ್ನೂ ತಡೆಯುವುದಿಲ್ಲ. ಆದರೆ ಆರ್ಡರೇ ಇಲ್ಲದ ಬಿಲ್ ಬಾಗಿಲಲ್ಲೇ ನಿಲ್ಲುತ್ತದೆ.

ಕುತೂಹಲದ ಸಂಗತಿ ಎಂದರೆ, ಕಾನೂನು ಇದನ್ನು ಕೇಳುವುದಿಲ್ಲ. ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಏನೇನು ಇರಬೇಕು ಅಂತ ಸಿಜಿಎಸ್‌ಟಿ ನಿಯಮ 46 ಪಟ್ಟಿ ಮಾಡಿದೆ. ಅದರಲ್ಲಿ ಪಿಒ ನಂಬರ್ ಇಲ್ಲ. ಅಂದರೆ ಕೊಣ್ಣೂರಿನ ಬಿಲ್ ತೆರಿಗೆಯ ಕಣ್ಣಿಗೆ ಪೂರ್ತಿ ಸರಿ. 'ಸರಿಯಾದ ಬಿಲ್ ಯಾಕೆ ವಾಪಸ್ ಕಳಿಸಿದ್ರಿ?' ಅನ್ನುವ ಜಗಳ ಹುಟ್ಟುವುದೇ ಇಲ್ಲಿ. ಇಬ್ಬರೂ ಅವರವರ ಲೆಕ್ಕದಲ್ಲಿ ಸರಿ.

ಪೆಟ್ಟು ಬೀಳುವುದು ಮಾತ್ರ ಸಪ್ಲೈಯರ್‌ಗೆ. ತಿರಸ್ಕಾರದ ಮೇಲ್ ಜೂನ್ 12ಕ್ಕೆ ಬಂತು, ಅದನ್ನು ನೋಡಿ ಬಿಲ್ ಮತ್ತೆ ಕಳಿಸಿದ್ದು 26ಕ್ಕೆ ಅಂದುಕೊಳ್ಳಿ. ತಿರಸ್ಕಾರವಾದ ಬಿಲ್ ಕಂಪನಿಯ ಪುಸ್ತಕದಲ್ಲಿ ಇರುವುದೇ ಇಲ್ಲ. ಸರಿಯಾದ ಬಿಲ್ ಬಂದ ದಿನದಿಂದ 45 ದಿನ ಅನ್ನುವ ಕರಾರಿದ್ದರೆ, ಜುಲೈ 20ಕ್ಕೆ ಬರಬೇಕಾದ ಹಣ ಆಗಸ್ಟ್ 10ಕ್ಕೆ ಹೋಗುತ್ತದೆ. ಆ 21 ದಿನ ಮರದ ವ್ಯಾಪಾರಿಗೂ, ಕೆಲಸಗಾರರ ವಾರದ ಪಗಾರಕ್ಕೂ ಹಣವನ್ನು ಬೇರೆ ಕಡೆಯಿಂದ ಹೊಂದಿಸಬೇಕು.

ಎಂಎಸ್‌ಎಂಇಡಿ ಕಾಯ್ದೆ, 2006ರ ಲೆಕ್ಕ ಬೇರೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು. ಆ ದಿನಗಳ ಎಣಿಕೆಯೂ ಮಾಲು ಒಪ್ಪಿಕೊಂಡ ದಿನದಿಂದ ಶುರು, ಬಿಲ್ ಪಾಸಾದ ದಿನದಿಂದಲ್ಲ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಬಿಲ್ ವಾಪಸ್ ಬರದಂತೆ ನೋಡಿಕೊಳ್ಳುವುದೇ ಅಗ್ಗ.

ನಂಬರ್ ತಪ್ಪಿಹೋಗುವುದು ಬಹಳ ಸಲ ಫೋನಿನಲ್ಲಿ. 'ಅಣ್ಣಾರ, ಭಾಳ ಅರ್ಜೆಂಟ್ ಐತ್ರಿ, ಮೊದ್ಲ ಮಾಲ್ ಕಳಸ್ರಿ, ಪಿಒ ಆಮ್ಯಾಲೆ ಮಾಡ್ತೀವಿ' ಅಂತ ಕಾರ್ಖಾನೆಯ ಎಂಜಿನಿಯರ್ ಹೇಳುತ್ತಾರೆ. ಮಾಲು ಹೋಗುತ್ತದೆ, ಪಿಒ ಬರುವುದಿಲ್ಲ. ಅಂಥ ಹೊತ್ತಲ್ಲಿ 'ನಂಬರ್ ಅಷ್ಟು ಮೇಲ್ ಮಾಡ್ರಿ ಸರ, ಗಾಡಿ ಈಗ ಬಿಡ್ತೀನಿ' ಅಂದರೆ ಯಾರಿಗೂ ಬೇಜಾರಿಲ್ಲ. ಮತ್ತೆ ಕೆಲವರು ಪಿಒ ಬದಲು ಕೊಟೇಶನ್ ನಂಬರ್ ಹಾಕುತ್ತಾರೆ, ಇಲ್ಲವೇ ಪ್ರಿಂಟ್ ಮೇಲೆ ಪೆನ್ನಿನಲ್ಲಿ ಗೀಚುತ್ತಾರೆ. ಸ್ಕ್ಯಾನ್ ಮಾಡಿ ಓದುವ ಸಾಫ್ಟ್‌ವೇರ್‌ಗೆ ಅದು ಕಾಣದೇ ಹೋಗಬಹುದು. ಟ್ಯಾಲಿಯಲ್ಲಿ ಇದಕ್ಕೆಂದೇ Buyer's Order No. ಎಂಬ ಜಾಗ ಇದೆ. ಪಿಒದಲ್ಲಿ ಇರುವ ಹಾಗೇ, ಒಂದು ಅಂಕೆಯೂ ಬಿಡದೆ, ಅಲ್ಲಿ ತುಂಬಿ. ಒಂದು ಬಿಲ್ಲಿಗೆ ಒಂದೇ ಪಿಒ ಇದ್ದರೆ ಇನ್ನೂ ಸಲೀಸು.

ಬಿಲ್ ವಾಪಸ್ ಬಂದೇಬಿಟ್ಟರೆ ಅವಸರದಲ್ಲಿ ಹೊಸ ನಂಬರಿನ ಬಿಲ್ ಮಾಡಬೇಡಿ. ಹಳೆಯದನ್ನು ರದ್ದು ಮಾಡದೆ ಹೊಸದು ಮಾಡಿದರೆ ಒಂದೇ ಮಾಲಿಗೆ ಎರಡು ಸಲ ತೆರಿಗೆ ತೋರಿಸಿದಂತಾಗುತ್ತದೆ. ಇ-ವೇ ಬಿಲ್‌ನಲ್ಲೂ ಹಳೆಯ ನಂಬರೇ ಇರುತ್ತದೆ. ಬಿಲ್ ನಂಬರ್, ತಾರೀಖು, ಮೊತ್ತ ಹಾಗೇ ಇಟ್ಟು, ಪಿಒ ನಂಬರ್ ಮಾತ್ರ ಸೇರಿಸಿ ಕಳಿಸಿದರೆ ಸಾಕೇ ಅಂತ ಮೊದಲು ಆ ಟೀಮನ್ನೇ ಕೇಳಿ. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುವವರು ಪಿಒ ನಂಬರನ್ನು ಮೊದಲೇ ತುಂಬುವುದು ಒಳ್ಳೆಯದು. ಪೋರ್ಟಲ್‌ನಲ್ಲಿ ಅದನ್ನು ತಿದ್ದಲು ಆಗದು, ರದ್ದು ಮಾಡಲೂ 24 ಗಂಟೆ ಮಾತ್ರ.

ಕೊನೆಗೆ ಒಂದು ವ್ಯತ್ಯಾಸ ನೆನಪಿಡಿ. ಪೋರ್ಟಲ್‌ನಲ್ಲಿ Rejected ಅಂತ ಇದ್ದರೆ ಬಿಲ್ ಮತ್ತೆ ಕಳಿಸಬೇಕು. Blocked ಅಂತ ಇದ್ದರೆ ಬಿಲ್ ಒಳಗೆ ಹೋಗಿದೆ, ಬಹುಶಃ ದರವೋ ಸಂಖ್ಯೆಯೋ ತಾಳೆಯಾಗದೆ ಹಣ ನಿಂತಿದೆ. ಆಗ ಇನ್ನೊಂದು ಪ್ರತಿ ಕಳಿಸಿದರೆ ಡೂಪ್ಲಿಕೇಟ್ ಅಂತ ಅದೂ ವಾಪಸ್ ಬರುತ್ತದೆ. ಫೋನ್ ಮಾಡಬೇಕಾದ್ದು ಆರ್ಡರ್ ಕೊಟ್ಟವರಿಗೆ.