ತಕ್ಕಡಿಯ ಮುಂದೆ ಕಾದ ಹೊತ್ತು

ಇಂದಿರಾನಗರದ ಮಗ್ಗುಲಲ್ಲಿರುವ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆರೆದ ಮೇಲೆ, ಗುವಾಹಟಿಯ ಕಡೆಯಿಂದ ಬರುವ ರೈಲುಗಳು ಅಲ್ಲಿ ಬಂದು ನಿಲ್ಲುತ್ತವೆ. ಕಾರ್ತಿಕ ಕಳೆಯುವ ಹೊತ್ತಿಗೆ ಹತ್ತು ಹನ್ನೆರಡು ಮಂದಿಯ ತಂಡಗಳು, ಗಂಟುಮೂಟೆ, ಅಡುಗೆಯ ಪಾತ್ರೆ ಸಮೇತ ಇಳಿದು, ಮೇಸ್ತ್ರಿಯ ಹಿಂದೆ ಬಸ್ ನಿಲ್ದಾಣದ ದಾರಿ ಹಿಡಿಯುವುದನ್ನು ಹಲಸೂರು, ಕೆ.ಆರ್. ಪುರದ ನಮ್ಮ ಓದುಗರು ಕಂಡಿರಬಹುದು. ಇವರಲ್ಲಿ ಹಲವರು ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಾಫಿ ತೋಟಗಳಿಗೆ ಹಣ್ಣು ಕೊಯ್ಯಲು ಹೋಗುವವರು. ಶಿವಾಜಿನಗರದ ಹೋಟೆಲಿನಲ್ಲಿ ನಾವು ಕುಡಿಯುವ ಕಾಫಿಗೆ ಇವರ ಕೈ ತಗಲಿರುತ್ತದೆ. ಇವರ ಕೂಲಿಯ ದರದ ಬಗ್ಗೆ ಮಾತನಾಡುವವರು ಆಗಾಗ ಸಿಕ್ಕುತ್ತಾರೆ. ಇವರ ಹೊತ್ತಿನ ಬಗ್ಗೆ ಮಾತನಾಡುವವರು ಕಡಿಮೆ. ಇಂದು ನಾವು ಆ ಹೊತ್ತಿನ ಲೆಕ್ಕವನ್ನು ಬರೆಯುತ್ತೇವೆ.

ಮಿಲ್ಲಿನ ಕಾರ್ಮಿಕರಿಗೆ ಇದನ್ನು ಹೇಳುವುದು ಸುಲಭ. ಮಿಲ್ಲಿನಲ್ಲಿ ಕೂಗು ಆಗುತ್ತದೆ, ಶಿಫ್ಟು ಬದಲಾಗುತ್ತದೆ, ಒಳಗೆ ಬಂದವನ ಹೊತ್ತು ಯಂತ್ರದ ಹೊತ್ತಿಗೆ ಜೋಡಿಸಲ್ಪಟ್ಟಿರುತ್ತದೆ. ತೋಟದಲ್ಲಿ ಯಂತ್ರವೇ ಇಲ್ಲವೆಂದು ಪಟ್ಟಣದವರು ತಿಳಿಯುತ್ತಾರೆ. ಇದೆ; ಅದರ ಹೆಸರು ಪಲ್ಪರ್. ಅರೇಬಿಕಾ ಹಣ್ಣಿನ ಸಿಪ್ಪೆಯನ್ನು ಸುಲಿದು ಬೀಜವನ್ನು ಬೇರ್ಪಡಿಸುವ ಯಂತ್ರ ಅದು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕಬೇಕೆಂಬುದು ಕಾಫಿ ಮಂಡಳಿಯ ಸಲಹೆ, ಹಳೆಯ ತೋಟಗಾರರ ಅನುಭವವೂ ಹೌದು. ರಾತ್ರಿಯೆಲ್ಲ ಚೀಲದಲ್ಲಿ ತುಂಬಿಟ್ಟ ಹಣ್ಣು ಒಳಗೊಳಗೇ ಹುಳಿಯುತ್ತದೆ, ಬಿಸಿಯೇರುತ್ತದೆ. ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ, ಮೂಗಿಗೆ ಹುಳಿ ಹೆಂಡದ ವಾಸನೆ ಹೊಡೆಯುತ್ತದೆ. ಅಂಥ ಬೀಜದ ಕೆಟ್ಟ ರುಚಿಯನ್ನು ಆಮೇಲೆ ಯಾವ ಹುರಿಯುವವನೂ ತೆಗೆಯಲಾರ.

ಆದ್ದರಿಂದ ತೋಟದ ದಿನವನ್ನು ಬೆಳಗಿನಿಂದ ಮುಂದಕ್ಕೆ ಎಣಿಸಿದರೆ ತಪ್ಪಾಗುತ್ತದೆ. ಪಲ್ಪರ್ ನಿಲ್ಲಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಹಾಗೆ ಎಣಿಸದೆ ಹೋದಲ್ಲಿ ಏನಾಗುತ್ತದೆ ಎಂಬುದನ್ನು ಒಂದು ಕಲ್ಪನೆಯ ತೋಟದಿಂದ ತೋರಿಸುತ್ತೇವೆ. ಹಿಂದೆ ಮೇಷ್ಟರಾಗಿದ್ದವರಿಗೆ ಹಲಗೆಯ ಮೇಲೆ ಲೆಕ್ಕ ಬರೆಯುವ ಚಟ ಬಿಡುವುದಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ತೋಟದಲ್ಲಿ 36 ಮಂದಿ ಕೊಯ್ಯುವವರು, ಹೆಚ್ಚಿನವರು ಹೆಂಗಸರು. ಡಿಸೆಂಬರಿನ ಮುಖ್ಯ ಕೊಯ್ಲು. ಒಬ್ಬೊಬ್ಬರು ದಿನಕ್ಕೆ 50 ಕಿಲೋ ಹಣ್ಣು ಕೊಯ್ಯುತ್ತಾರೆಂದು ಇಟ್ಟುಕೊಳ್ಳೋಣ. ಒಟ್ಟು 1800 ಕಿಲೋ. ತಕ್ಕಡಿ ಒಂದು. ಚೀಲವನ್ನು ಕೊಕ್ಕೆಗೆ ಹಾಕಿ, ಮುಳ್ಳು ನಿಂತ ಮೇಲೆ ಓದಿ, ರೈಟರು ಬರೆದುಕೊಂಡು, ಚೀಲ ಇಳಿಸುವುದಕ್ಕೆ 2 ನಿಮಿಷ. ಜನರನ್ನು ಊರಿನಿಂದ ಕರೆತರುವುದಕ್ಕೆ 12 ಮಂದಿಗೆ ಕೂರಲು ಜಾಗವಿರುವ ಒಂದೇ ವಾಹನ, ಅದಕ್ಕೆ ಹಣ್ಣಿಗಾಗಿ ಹಿಂದೆ ಕಟ್ಟುವ ಒಂದು ಟ್ರೈಲರ್. ಊರಿಗೆ ಹೋಗಿ ಬರಲು 25 ನಿಮಿಷ. ಪಲ್ಪರ್ ಗಂಟೆಗೆ 500 ಕಿಲೋ ಸುಲಿಯುತ್ತದೆ.

ರೂಢಿ ಹೇಗಿದೆ? ಮೊದಲ ಹನ್ನೆರಡು ಮಂದಿ 8 ಗಂಟೆಗೆ ಬಂದಿಳಿಯುತ್ತಾರೆ. ಉಳಿದವರು ಬರುವವರೆಗೆ ಹಾಜರಿ ಇಲ್ಲ, ಸಾಲು ಹಂಚುವುದಿಲ್ಲ. 8-50ರವರೆಗೆ ಚಳಿಯಲ್ಲಿ ಕೈ ಕಟ್ಟಿ ನಿಲ್ಲಬೇಕು. ಸಂಜೆ 4-30ಕ್ಕೆ ಮೇಸ್ತ್ರಿ ಕೂಗು ಹಾಕಿದಾಗ 36 ಮಂದಿಯೂ ಒಟ್ಟಿಗೆ ತಕ್ಕಡಿಯ ಮುಂದೆ ಬರುತ್ತಾರೆ. ಮೊದಲಿನವಳ ತೂಕ 2 ನಿಮಿಷದಲ್ಲಿ ಮುಗಿಯಿತು, ಕೊನೆಯವಳದು 5-42ಕ್ಕೆ. ಎಲ್ಲರ ಕಾಯುವಿಕೆಯನ್ನು ಕೂಡಿಸಿದರೆ 1332 ನಿಮಿಷ, ಅಂದರೆ 22 ಗಂಟೆಗೆ ಮೇಲು. ಸುಮಾರು ಮೂರು ಆಳಿನ ದಿನದ ದುಡಿಮೆ ಪ್ರತಿ ಸಂಜೆ ತಕ್ಕಡಿಯ ಬುಡದಲ್ಲಿ ಕುಳಿತು ಕರಗುತ್ತದೆ. ಕಿಲೋ ಲೆಕ್ಕದ ಕೂಲಿಯಲ್ಲಿ ಇದಕ್ಕೆ ಕಾಸಿಲ್ಲ. ಕಾದು ನಿಂತ ಹೊತ್ತು ಹಣ್ಣಾಗುವುದಿಲ್ಲವಷ್ಟೆ!

ಅಲ್ಲಿಗೂ ಮುಗಿಯಲಿಲ್ಲ. ತೂಕವಾದ ಮೇಲೆ ಇರುವ ಒಂದೇ ವಾಹನ ಮೊದಲು ಹಣ್ಣು ಹೊರುತ್ತದೆ, ಜನ ಆಮೇಲೆ. ಡಿಸೆಂಬರಿನಲ್ಲಿ 6 ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾಡಿನಂಥ ನೆರಳಿನ ಕೆಳಗೆ ಕತ್ತಲೆ ಅದಕ್ಕೂ ಮೊದಲೇ ಇಳಿಯುತ್ತದೆ. ಮೂರು ಸರದಿ ಮುಗಿಯುವಷ್ಟರಲ್ಲಿ ಏಳು ದಾಟುತ್ತದೆ. ಅವಸರದಲ್ಲಿ ಚೀಲಗಳ ಮೇಲೆ ಜನರನ್ನು ಹತ್ತಿಸಿ ಕಳಿಸುವುದೂ ಉಂಟು. ಸರಕಿನ ಟ್ರೈಲರಿನಲ್ಲಿ ಜನ ತುಂಬುವುದನ್ನು ಮೋಟಾರು ವಾಹನದ ಕಾಯಿದೆ ಒಪ್ಪುವುದಿಲ್ಲ; ಮಲೆನಾಡಿನ ತಿರುವುಗಳೂ ಒಪ್ಪುವುದಿಲ್ಲ. ಇತ್ತ ಪಲ್ಪರಿಗೆ 1800 ಕಿಲೋ ಒಟ್ಟಿಗೆ ಬಂದು ಬಿದ್ದಿದೆ. 6 ಗಂಟೆಗೆ ಶುರುವಾದರೆ ಮುಗಿಯುವುದು 9-36ಕ್ಕೆ, ಅದೂ ಕರೆಂಟು ಹೋಗದಿದ್ದರೆ. ಹೋದರೆ ಉಳಿದ ಹಣ್ಣು ಚೀಲದಲ್ಲೇ ಬೆಳಗು ಕಾಣುತ್ತದೆ. ಮಾಲೀಕ ಆಗ ಹಣ್ಣು ಕೆಟ್ಟಿತೆಂದು ಹಲುಬುತ್ತಾನೆ. ಕೆಡಿಸಿದ್ದು ಅವನದೇ ದಿನಚರಿ.

ಇದನ್ನು ಸರಿಪಡಿಸಲು ಎರಡನೆಯ ವಾಹನ ಬೇಕಿಲ್ಲ. ಲೆಕ್ಕದಲ್ಲಿ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಹನ್ನೆರಡು ಮಂದಿಯ ತೂಕಕ್ಕೆ 24 ನಿಮಿಷ. ವಾಹನ ಊರಿಗೆ ಹೋಗಿ ಬರಲು 25 ನಿಮಿಷ. ಒಂದು ಗುಂಪಿನ ತೂಕ ಮುಗಿಯುವಾಗ ಹಿಂದಿನ ಗುಂಪನ್ನು ಬಿಟ್ಟ ವಾಹನ ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದ 36 ಮಂದಿಯನ್ನು ಹನ್ನೆರಡರ ಮೂರು ಗುಂಪು ಮಾಡಿ, ಒಂದಕ್ಕೊಂದು 25 ನಿಮಿಷ ಹಿಂದೆ ಬಿಡಬೇಕು. ಮೊದಲ ಗುಂಪು 8ಕ್ಕೆ ಬಂದ ಕೂಡಲೆ ಹಾಜರಿ ಹಾಕಿಸಿ ಸಾಲಿಗೆ ಇಳಿಯಲಿ. ಎರಡನೆಯದು 8-25ಕ್ಕೆ, ಮೂರನೆಯದು 8-50ಕ್ಕೆ. ಸಂಜೆ ಅದೇ ಕ್ರಮ: ಮೊದಲ ಗುಂಪಿನ ತೂಕ 4 ಗಂಟೆಗೆ, 4-25ಕ್ಕೆ ವಾಹನ, ಎರಡನೆಯದಕ್ಕೆ 4-50, ಮೂರನೆಯದು 5-15ಕ್ಕೆ ಹೊರಟಿತು. ಬೆಳಿಗ್ಗೆ ಮೊದಲು ಬಂದವರು ಸಂಜೆ ಮೊದಲು ಹೋಗುತ್ತಾರೆ; ಯಾರ ಕೊಯ್ಲಿನ ಹೊತ್ತೂ ಇನ್ನೊಬ್ಬರಿಗಿಂತ ಕಡಿಮೆಯಾಗುವುದಿಲ್ಲ. ಈ ಕ್ರಮ ಬಹಳ ಮುಖ್ಯ. ಬೆಳಿಗ್ಗೆ ಎಲ್ಲರನ್ನೂ ಒಟ್ಟಿಗೆ ಇಳಿಸಿ ಸಂಜೆ ಮಾತ್ರ ಸರದಿ ಮಾಡಿದರೆ, ಮೊದಲು ಕರೆಸಿಕೊಂಡ ಗುಂಪಿಗೆ ಐವತ್ತು ನಿಮಿಷದ ಹಣ್ಣು ಖೋತಾ. ಮೂರನೆಯ ದಿನಕ್ಕೆ ಜಗಳ ಖಂಡಿತ.

ಎರಡನೆಯ ತಿದ್ದುಪಡಿ ಮಧ್ಯಾಹ್ನದ ತೂಕ. ಮೊದಲ ಗುಂಪು 12ಕ್ಕೆ, ಎರಡನೆಯದು 12-25ಕ್ಕೆ, ಮೂರನೆಯದು 12-50ಕ್ಕೆ. ತೂಕದ ಬೆನ್ನಿಗೇ ಆಯಾ ಗುಂಪಿನ ಊಟ. ಅಷ್ಟು ಹೊತ್ತಿಗೆ ತಲೆಗೆ 20 ಕಿಲೋ ಎಂದರೆ 720 ಕಿಲೋ ಹಣ್ಣು. ಜನರನ್ನು ಒಯ್ಯುವ ಕೆಲಸ ವಾಹನಕ್ಕೆ ಆಗ ಇಲ್ಲ, 1-15ಕ್ಕೆ ಟ್ರೈಲರ್ ಕಟ್ಟಿಕೊಂಡು ಹೋಗಬಹುದು. 1-30ಕ್ಕೆ ಪಲ್ಪರ್ ತಿರುಗಿದರೆ 3 ಗಂಟೆಯೊಳಗೆ ಅಷ್ಟೂ ಮುಗಿಯಿತು. ಸಂಜೆಗೆ ಉಳಿದದ್ದು 1080 ಕಿಲೋ. ಕೊನೆಯ ಗುಂಪನ್ನು ಬಿಟ್ಟು 5-40ಕ್ಕೆ ವಾಹನ ಬಂದ ಮೇಲೆ ಅದನ್ನು ಸಾಗಿಸಿದರೂ ಎಂಟೂಕಾಲಿನೊಳಗೆ ಪಲ್ಪರ್ ನಿಲ್ಲುತ್ತದೆ. ಇಲ್ಲಿ ಮಾಲೀಕರು ಒಂದು ಆಕ್ಷೇಪ ತೆಗೆಯುತ್ತಾರೆ: ಹಣ್ಣು ಕಾಯುತ್ತದಲ್ಲ ಎಂದು. ಹಣ್ಣು ಒಂದು ಗಂಟೆ ಕಾದರೆ ಕೆಡುವುದಿಲ್ಲ. ಒಂದು ರಾತ್ರಿ ಕಾದರೆ ಕೆಡುತ್ತದೆ. ಮನೆಯಲ್ಲಿ ಮಗುವನ್ನು ಬಿಟ್ಟು ಬಂದ ತಾಯಿಗೆ ಆ ಒಂದು ಗಂಟೆ ಬೇರೆ ಮಾತು.

ಮಧ್ಯಾಹ್ನದ ತೂಕ ಪುಕ್ಕಟೆಯೆಂದು ನಾವು ಹೇಳುವುದಿಲ್ಲ. ಸಂಜೆಯ ಕಾಯುವಿಕೆ 22 ಗಂಟೆಯಿಂದ 8ರೊಳಗೆ ಇಳಿದರೂ, ಮಧ್ಯಾಹ್ನ ಇನ್ನೊಂದು ಅಷ್ಟೇ ಹೊತ್ತು ಸೇರುತ್ತದೆ. ಎರಡೂ ಕೂಡಿ 16 ಗಂಟೆಯೊಳಗೆ. ಉಳಿದದ್ದು ಆರು ಗಂಟೆ ಮಾತ್ರ. ಆದರೆ 50 ಕಿಲೋ ಚೀಲವನ್ನು ಇಳಿಜಾರಿನಲ್ಲಿ ಒಮ್ಮೆಗೇ ಹೊರುವ ಬದಲು 20, 30 ಎಂದು ಎರಡು ಸಲ ಹೊರುವುದು ಸೊಂಟಕ್ಕೆ ಬೇರೆಯೇ ಲೆಕ್ಕ. ಊಟದ ಅರ್ಧ ಗಂಟೆಯನ್ನು ಮಾತ್ರ ತಕ್ಕಡಿಯ ಸಾಲಿನಲ್ಲಿ ನುಂಗಬಾರದು. ಹಸಿರು ಕಾಯಿ ಆರಿಸುವ ಕೆಲಸವನ್ನು ಹಿಂದಿನ ಗುಂಪಿನ ತೂಕ ನಡೆಯುವಾಗಲೇ ಸಾಲಿನಲ್ಲಿ ಗೋಣಿ ಹಾಸಿ ಮುಗಿಸಬೇಕು. ತಕ್ಕಡಿಯ ಮುಂದೆ ಚೀಲ ಸುರಿದು ಆರಿಸಲು ಕುಳಿತರೆ 2 ನಿಮಿಷ 10 ಆಗುತ್ತದೆ, ಇಡೀ ಪಟ್ಟಿ ಕುಸಿಯುತ್ತದೆ.

ಬೆಳಕಿನಲ್ಲಿ ತೂಗುವುದಕ್ಕೆ ಇನ್ನೊಂದು ಕಾರಣವನ್ನು ನಮ್ಮ ವರ್ತಕ ಬಂಧುಗಳು ನಾವು ಹೇಳದೆಯೇ ಬಲ್ಲರು. ತಕ್ಕಡಿಯ ಮೇಲೆ ಸರಕಾರದ ಮುದ್ರೆ ಇದೆಯೇ ಎಂದು ನೋಡುವುದಕ್ಕೂ, ಮುಳ್ಳು ಎಲ್ಲಿ ನಿಂತಿತೆಂದು ಓದುವುದಕ್ಕೂ ಬೆಳಕು ಬೇಕು. ಟಾರ್ಚು ರೈಟರ ಕೈಯಲ್ಲಿದ್ದಾಗ ಅಂಕಿಯೂ ಅವರ ಕೈಯಲ್ಲೇ. ಚೀಲದ ತೂಕವೆಂದೂ, ಇಬ್ಬನಿಯ ನೀರೆಂದೂ ಕಳೆಯುವುದಿದ್ದರೆ ಅದನ್ನು ಗಟ್ಟಿಯಾಗಿ ಕೂಗಿ ಹೇಳಿ ಕಳೆಯಲಿ, ಚೀಟಿಯಲ್ಲಿ ಬರೆದುಕೊಡಲಿ.

ಈ ಪಟ್ಟಿ ಇಡೀ ಹಂಗಾಮಿಗೆ ಸಲ್ಲುವುದಿಲ್ಲ. ನವೆಂಬರಿನ ಮೊದಲ ಕೊಯ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಹಣ್ಣನ್ನು ಹುಡುಕಿ ಕೊಯ್ಯುವಾಗ ದಿನಕ್ಕೆ 50 ಕಿಲೋ ದಕ್ಕುವುದಿಲ್ಲ. ಆಗ ಮಧ್ಯಾಹ್ನದ ತೂಕ ಬೇಡವಾಗಬಹುದು. ರೋಬಸ್ಟಾ ಕೊಯ್ಲಿನಲ್ಲಿ ಗೊಂಚಲು ಒಟ್ಟಿಗೆ ಹಣ್ಣಾಗುವುದರಿಂದ ತಲೆಗೆ ಎರಡು ಚೀಲವಾಗುತ್ತದೆ. ಒಂದು ತಕ್ಕಡಿ ಸಾಲದು. ಹೆಚ್ಚಿನ ಕಡೆ ರೋಬಸ್ಟಾ ಪಲ್ಪರಿಗೆ ಹೋಗದೆ ಕಣದಲ್ಲಿ ಒಣಗುತ್ತದೆ. ಅಲ್ಲಿ ಪಲ್ಪರಿನ ಹೊತ್ತಿನ ಚಿಂತೆ ಇಲ್ಲ, ಆದರೆ ಅದೇ ಸಂಜೆ ಕಣದಲ್ಲಿ ಹರಡುವ ಚಿಂತೆ ಇದ್ದೇ ಇದೆ. ತೋಟದ ಮೂಲೆಯ ಸಾಲಿಗೆ ನಡೆದು ಹೋಗಲು ಇಪ್ಪತ್ತು ನಿಮಿಷ ಬೇಕಾದ ದಿನ ಆ ಇಪ್ಪತ್ತನ್ನೂ ಎಣಿಸಬೇಕು; ತಕ್ಕಡಿಯನ್ನೇ ಅಲ್ಲಿನ ಮರಕ್ಕೆ ನೇತುಹಾಕುವುದು ಇನ್ನೂ ವಾಸಿ. ಅಕಾಲದ ಮಳೆ ಬಂದು ಹಣ್ಣು ಬಿರಿದು ಉದುರತೊಡಗಿದರೆ ಯಾವ ಪಟ್ಟಿಯೂ ನಿಲ್ಲುವುದಿಲ್ಲ. ಆಗ ಮೊದಲು ಯಾವ ಸಾಲು ಎಂಬುದೇ ಪ್ರಶ್ನೆ.

ಕಾಯಿದೆಯ ಮಾತು ಬಂದೇ ಬರುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ವಿರಾಮ ಮತ್ತು ಕೆಲಸಕ್ಕಾಗಿ ಕಾದ ಹೊತ್ತು ಸೇರಿ ದಿನದ ಹರವು 12 ಗಂಟೆ ಮೀರಕೂಡದೆಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತೆಯ ಸಂಹಿತೆ ಬಂದಿದೆ. ಹಳೆಯ ಕಾಯಿದೆ ಕಾಯುವುದನ್ನು ಎಣಿಕೆಗೆ ತಂದಿತ್ತು, ಆದರೆ ಅದಕ್ಕೆ ಕೂಲಿ ಕಟ್ಟಿರಲಿಲ್ಲ. ಕೆಲಸ ಮುಗಿಸಿ ತೂಕಕ್ಕಾಗಿ ಕಾದ ಹೊತ್ತನ್ನು ಬಿಡಿಸಿಯೂ ಹೇಳಿರಲಿಲ್ಲ. ಜಗಳ ಉಳಿದಿರುವುದು ಅಲ್ಲೇ.

ಇದಕ್ಕೆ ಮೊದಲು ಬೇಕಾದದ್ದು ಪುರಾವೆ. ತೂಕದ ಪುಸ್ತಕದಲ್ಲಿ ಈಗ ಹೆಸರು, ಕಿಲೋ ಎಂಬ ಎರಡು ಮನೆಗಳಿರುತ್ತವೆ. ಮೂರನೆಯ ಮನೆ ಎಳೆದು, ಚೀಲ ಕೊಕ್ಕೆಗೆ ಬಿದ್ದ ಗಂಟೆಯನ್ನೂ ಬರೆಯಬೇಕೆಂದು ಮೇಸ್ತ್ರಿಗಳೂ ತಂಡಗಳೂ ಕೇಳಲಿ. ನಾಲ್ಕನೆಯದರಲ್ಲಿ ವಾಹನ ಹೊರಟ ಗಂಟೆ. ಒಂದು ವಾರದ ಪುಟ ತಿರುವಿದರೆ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ನಡುವೆ ಎಷ್ಟು ಹೊತ್ತು, ಕೊನೆಯ ಹೆಸರು ದಿನವೂ ಒಬ್ಬಳದೇ ಆಗಿದೆಯೋ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಪುಸ್ತಕಕ್ಕೆ ಗೆರೆ ಎಳೆಯಲು ಒಪ್ಪದ ತೋಟಗಳಲ್ಲಿ ತಂಡದವರೇ ತಮ್ಮ ಚೀಟಿಯ ಹಿಂಬದಿಯಲ್ಲಿ ಗಂಟೆ ಬರೆದುಕೊಳ್ಳಬಹುದು. ಕೈಯಲ್ಲಿ ಫೋನಿರುವವರು ಈಗ ಎಲ್ಲ ತಂಡಗಳಲ್ಲೂ ಇದ್ದಾರೆ.