ಒಂದೇ ಮೊತ್ತದ ಕಿಟ್ಟು, ಕಾಣದ ತೆರಿಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗ ಪಾಲಕರು ತರಕಾರಿ ಕೊಳ್ಳುವಾಗ ತೂಕ, ದರ ಎರಡನ್ನೂ ಕೇಳುತ್ತಾರೆ. ಅದೇ ಪಾಲಕರು ಶಾಲೆ ಮಾರುವ ಪುಸ್ತಕದ ಕಿಟ್ಟಿಗೆ ಸಾವಿರಗಟ್ಟಲೆ ತೆತ್ತು, ಒಂದೇ ಮೊತ್ತ ಬರೆದ ಚೀಟಿಯನ್ನು ಮರುಮಾತಿಲ್ಲದೆ ಮಡಚಿ ಇಟ್ಟುಕೊಳ್ಳುತ್ತಾರೆ. ಈ ಮೌನವೇ ಕಿಟ್ಟು ವ್ಯಾಪಾರದ ಬಂಡವಾಳ.

ಲೆಕ್ಕದ ಸೂಕ್ಷ್ಮ ಇರುವುದು ಆ ಒಂದೇ ಮೊತ್ತದಲ್ಲಿ. ಮುದ್ರಿತ ಪಠ್ಯಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟುಪುಸ್ತಕಕ್ಕೂ ಇಲ್ಲ. ಶಾಲಾಚೀಲಕ್ಕೆ ಮಾತ್ರ ಶೇ. 18 ಇದೆ. ಆದರೆ ಬೇರೆಬೇರೆಯಾಗಿ ಮಾರಬಹುದಾದ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಕೊಟ್ಟರೆ ಜಿಎಸ್‌ಟಿ ಕಾಯಿದೆ ಅದನ್ನು ಮಿಶ್ರ ಪೂರೈಕೆ ಎನ್ನುತ್ತದೆ. ಅದರೊಳಗಿನ ಅತಿ ಹೆಚ್ಚಿನ ದರವೇ ಇಡೀ ಕಟ್ಟಿಗೆ ಅನ್ವಯಿಸುತ್ತದೆ.

ತೆರಿಗೆ ಸೇರಿಸುವ ಮೊದಲು ಪಠ್ಯಪುಸ್ತಕಗಳ ಬೆಲೆ ₹2,000, ನೋಟುಪುಸ್ತಕಗಳದು ₹1,200, ಚೀಲದ್ದು ₹800 ಎಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ಬಿಡಿಬಿಡಿಯಾಗಿ ಕೊಂಡರೆ ತೆರಿಗೆ ಚೀಲದ ಮೇಲೆ ಮಾತ್ರ, ₹144. ಒಂದೇ ಬೆಲೆಯ ಕಿಟ್ಟಾಗಿ ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ₹4,000ದ ಮೇಲೂ ತೆರಿಗೆ, ಅಂದರೆ ₹720. ಪುಸ್ತಕ ಅದೇ, ಚೀಲ ಅದೇ; ಕಟ್ಟಿದ ದಾರಕ್ಕೆ ₹576. ಚೀಟಿಯಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಮಾರುವವನು ನೋಂದಣಿಯ ಮಿತಿಯೊಳಗಿನ ಸಣ್ಣ ವ್ಯಾಪಾರಿಯೇ ಎಂದು ಕೇಳಬೇಕು. ನೂರಾರು ಮಕ್ಕಳಿಗೆ ಕಿಟ್ಟು ಹಂಚುವವನು ಸಣ್ಣವನೆಂದರೆ ನಂಬುವುದು ಕಷ್ಟ.

ಇದು ತೆರಿಗೆಯ ಮಾತಾಯಿತು. ಲಾಭದ ಮಾತು ಬೇರೆ. ಎನ್‌ಸಿಇಆರ್‌ಟಿ 1ರಿಂದ 8ನೆಯ ತರಗತಿಯವರೆಗಿನ ಪುಸ್ತಕಕ್ಕೆ ಪ್ರತಿಗೆ ₹65ರ ಏಕರೂಪ ಬೆಲೆಯನ್ನಿಟ್ಟಿದೆ. ಕಿಟ್ಟಿನ ತೂಕ ಏರುವುದು ಅದರ ಜೊತೆ ಸೇರುವ ಖಾಸಗಿ ಪ್ರಕಾಶಕರ ಪುಸ್ತಕಗಳಿಂದ. ನೋಟುಪುಸ್ತಕದ ರಟ್ಟಿನ ಮೇಲೆ ಶಾಲೆಯ ಲಾಂಛನ ಮುದ್ರಿಸಿದ ಕೂಡಲೆ ಪೇಟೆಯಲ್ಲಿ ಅದಕ್ಕೆ ಜೋಡಿ ಸಿಗದು, ಹೋಲಿಕೆಯೂ ತಪ್ಪುತ್ತದೆ. ಹೋಲಿಸುವ ದಾರಿ ಒಂದೇ: ಬೆಲೆಯನ್ನು ಪುಟಗಳ ಸಂಖ್ಯೆಯಿಂದ ಭಾಗಿಸುವುದು. ಲಾಂಛನ ತೆಗೆದರೆ ಉಳಿಯುವುದು ಕಾಗದ; ಕಾಗದಕ್ಕೆ ಮುಂಬಯಿಯ ಅಬ್ದುಲ್ ರೆಹಮಾನ್ ಬೀದಿಯ ಸಗಟು ಅಂಗಡಿಗಳಲ್ಲಿ ದರವಿದೆ. ಹತ್ತು ಮನೆಯವರು ಕೂಡಿ ಒಬ್ಬರನ್ನು ಅಲ್ಲಿಗೆ ಕಳಿಸಿದರೆ ಲೋಕಲ್ ರೈಲಿನ ಖರ್ಚು ಹೊರೆಯಾಗದು.

ಶಾಲೆಗಳು ಪುಸ್ತಕ, ಸಮವಸ್ತ್ರ ಮಾರುವ ವ್ಯಾಪಾರದಿಂದ ದೂರವಿರಬೇಕೆಂದು ಸಿಬಿಎಸ್‌ಇ 2017ರ ಏಪ್ರಿಲಿನಲ್ಲೇ ಸೂಚಿಸಿತ್ತು. ಅನುಕೂಲಕ್ಕಾಗಿ ಮಾರುತ್ತೇವೆ ಎಂಬ ಶಾಲೆಯ ಉತ್ತರದಲ್ಲಿ ಹುರುಳಿಲ್ಲವೆಂದಲ್ಲ. ಉದ್ಯೋಗಸ್ಥ ತಂದೆತಾಯಿಗೆ ಅಂಗಡಿ ಸುತ್ತುವ ಬಿಡುವಿಲ್ಲ. ಆದರೆ ಅನುಕೂಲಕ್ಕಾಗಿ ಮಾರುವವನಿಗೆ ಪುಸ್ತಕದ ಹೆಸರು, ಪ್ರಕಾಶಕ, ಮುದ್ರಿತ ಬೆಲೆ ಇವನ್ನು ಬಿಡಿಬಿಡಿಯಾಗಿ ಬರೆದುಕೊಡಲು ಅಡ್ಡಿಯೇನು? ಶಾಸ್ತ್ರದಾನವನ್ನು ಪುಣ್ಯವೆಂದು ಎಣಿಸುವ ಸಮಾಜದ ಗಣ್ಯರೂ ಶಿಕ್ಷಣಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿ ಕುಳಿತಿದ್ದಾರೆ. ಈ ಪಟ್ಟಿಯನ್ನು ಮುಂದಿನ ಪ್ರವೇಶಕ್ಕೆ ಒಂದು ತಿಂಗಳು ಮೊದಲೇ ಸೂಚನಾಫಲಕಕ್ಕೆ ಹಚ್ಚಿಸುವ ಅಧಿಕಾರ ಅವರ ಕೈಯಲ್ಲೇ ಇದೆ.