‘ಊಟ ಆತೇನ್ರಿ’ಯೊಳಗಿನ ‘ರಿ’ ಎಲ್ಲಿ ಹೋತು?

‘ಎಲ್ಲಿ ಹೊಂಟೀರಿ’, ‘ಊಟ ಆತೇನ್ರಿ’ ಅನ್ನೋದನ್ನ ‘ವೇರ್ ಆರ್ ಯು ಗೋಯಿಂಗ್’, ‘ಹ್ಯಾವ್ ಯು ಈಟನ್’ ಅಂತ ಮಾಡಿ, ನಮ್ಮ ಮಂದಿಗೆ ಮೂಗು ತೂರಿಸೋ ಚಟ ಅಂತ ನಗೋರು ಅದಾರ. ಇಳಕಲ್ ಬಸ್ ಸ್ಟ್ಯಾಂಡಿನಾಗ ನಿಂತು ಕೇಳ್ರಿ. ‘ಎಲ್ಲಿ ಹೊಂಟೀರಿ?’ ‘ಇಲ್ಲೇ.’ ಮಾತು ಮುಗೀತು. ‘ಇಲ್ಲೇ ಅಂದ್ರ ಎಲ್ಲಿ’ ಅಂತ ಯಾರೂ ಬೆನ್ನು ಹತ್ತಂಗಿಲ್ಲ. ಉಪವಾಸ ಇದ್ದವನೂ ‘ಆತ್ರಿ, ನಿಮ್ದು?’ ಅಂತಾನ. ‘ಹೌ ಆರ್ ಯು’ ಅಂದವರಿಗೆ ಇಂಗ್ಲಿಷಿನವರು ತಮ್ಮ ಜ್ವರದ ಲೆಕ್ಕ ಕೊಡ್ತಾರೇನು? ಅನುವಾದದಾಗ ಬರೇ ಪ್ರಶ್ನೆ ದಾಟತೈತಿ. ಆ ‘ರಿ’, ಆ ‘ಇಲ್ಲೇ’ ಎರಡೂ ಹಿಂದ ಉಳೀತಾವ.

ಆದ್ರ ಇದನ್ನ ‘ನಮ್ಮ ಸಂಸ್ಕೃತಿಯ ಆತ್ಮೀಯತೆ’ ಅಂತ ಮೆರೆಸೋರಿಗೂ ಒಂದು ಮಾತು ಐತಿ. ಹೊಸ ಅಂಗಿ ತೊಟ್ಟು ಕೇರಿಯಿಂದ ಬಾದಾಮಿಗೆ ಹೊಂಟ ಹುಡುಗಗ ಕಟ್ಟಿ ಮ್ಯಾಲಿನವರು ‘ಎಲ್ಲಿ ಹೊಂಟ್ಯೋ?’ ಅಂದ್ರ, ಅಲ್ಲಿ ‘ಇಲ್ಲೇ’ ನಡಿಯಂಗಿಲ್ಲ. ಯಾವ ಊರು, ಏನು ಕೆಲಸ, ಯಾರ ಹತ್ರ, ಎಲ್ಲಾ ಒಪ್ಪಿಸಬೇಕು. ಅದು ಕನ್ನಡದಾಗೇ ತಪಾಸಣೆ. ಅದರ ಇಂಗ್ಲಿಷ್ ಅನುವಾದದಾಗ ತಪ್ಪೇನೂ ಇಲ್ಲ. ಇನ್ನ ‘ಉಂಡ್ಯೇನೋ’ ಅಂತ ಬಾಗಲಾಗ ನಿಲ್ಲಿಸಿ ಕೇಳಿದವರು, ಒಳಗ ಕರೆದು ತಮ್ಮ ಸಾಲಿನಾಗ ನಮಗ ತಾಟು ಹಾಕಿದ್ದು ಯಾವಾಗ?